ಡ್ರೈ ಕ್ಲೀನಿಂಗ್ ನಡೆಯುವುದು ಹೇಗೆ, ಅದು ನಿಜವಾಗಿ ಬೇಕಾದ ಬಟ್ಟೆ ಯಾವುದು, ಮನೆಯಲ್ಲೇ ಒಗೆಯಬಹುದಾದದ್ದು ಯಾವುದು

ಡ್ರೈ ಕ್ಲೀನಿಂಗ್‌ಗೆ ಕೊಟ್ಟ ಬಟ್ಟೆ ಒದ್ದೆಯಾಗುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಅದು ತೊಯ್ದು ತೊಪ್ಪೆಯಾಗುತ್ತದೆ. ತೋಯಿಸುವ ದ್ರವದಲ್ಲಿ ನೀರು ಇಲ್ಲವೆಂಬಷ್ಟು ಕಡಿಮೆ ಇರುತ್ತದೆ, ಅದಕ್ಕೇ ಒಣ ಶುಚಿ ಎಂಬ ಹೆಸರು. ಈ ಒಂದು ಸಂಗತಿ ಮನಸ್ಸಿನಲ್ಲಿ ಕುಳಿತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಯಾವ ಬಟ್ಟೆಯನ್ನು ಅಂಗಡಿಗೆ ಕೊಡಬೇಕು, ಯಾವುದನ್ನು ಮನೆಯ ಬಕೆಟ್ಟಿನಲ್ಲೇ ಒಗೆಯಬಹುದು, ಅಂಗಡಿಗೆ ಕೊಟ್ಟರೂ ಹೋಗದ ಕಲೆ ಏಕೆ ಹೋಗಲಿಲ್ಲ, ಎಲ್ಲವೂ. ಆದ್ದರಿಂದ ಬಟ್ಟೆಗಳ ಪಟ್ಟಿಗೆ ಹೋಗುವ ಮೊದಲು ಯಂತ್ರದೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

ಯಂತ್ರದ ಒಳಗೆ

ಬಟ್ಟೆ ಅಂಗಡಿಗೆ ಬಂದ ಕೂಡಲೇ ಅದಕ್ಕೆ ಗುರುತಿನ ಚೀಟಿ ಕಟ್ಟುತ್ತಾರೆ, ಜೇಬು ತಡಕುತ್ತಾರೆ, ಬಣ್ಣ ಮತ್ತು ತೂಕ ನೋಡಿ ಗುಂಪು ಮಾಡುತ್ತಾರೆ. ಆಮೇಲೆ ಕಲೆ ತೆಗೆಯುವ ಕೆಲಸ. ಅನುಭವಿ ಕೆಲಸಗಾರ ಬಟ್ಟೆಯನ್ನು ಕಿರಿದಾದ ಮೇಜಿನ ಮೇಲೆ ಹರಡಿ, ಕಲೆ ಎಂಥದ್ದು ಎಂದು ಗುರುತಿಸಿ, ಅದಕ್ಕೆ ತಕ್ಕ ದ್ರವವನ್ನು ಹಚ್ಚಿ, ಸಣ್ಣ ನಳಿಕೆಯಿಂದ ಹಬೆ ಬಿಟ್ಟು ಕಲೆಯನ್ನು ಸಡಿಲಿಸುತ್ತಾನೆ. ಚಹಾ, ಹಣ್ಣಿನ ರಸಗಳಿಗೆ ಒಂದು ಬಗೆಯ ದ್ರವ. ರಕ್ತ, ಹಾಲು, ಮೊಟ್ಟೆಗಳಿಗೆ ಇನ್ನೊಂದು. ಇಡೀ ಕೆಲಸದಲ್ಲಿ ಅತ್ಯಂತ ಕೌಶಲ ಬೇಡುವ ಹಂತ ಇದೇ. ಒಳ್ಳೆಯ ಅಂಗಡಿಗೂ ಸಾಧಾರಣ ಅಂಗಡಿಗೂ ಇರುವ ವ್ಯತ್ಯಾಸದ ಬಹುಪಾಲು ಈ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ.

ನಂತರ ಬಟ್ಟೆ ಯಂತ್ರಕ್ಕೆ ಹೋಗುತ್ತದೆ. ಹೊರಗಿನಿಂದ ಅದು ದೊಡ್ಡ ವಾಷಿಂಗ್ ಮೆಷಿನ್‌ನಂತೆಯೇ ಕಾಣುತ್ತದೆ. ಒಳಗೆ ನೀರಿನ ಬದಲು ದ್ರಾವಕ ತುಂಬುತ್ತದೆ. ದಶಕಗಳಿಂದ ಹೆಚ್ಚಾಗಿ ಬಳಕೆಯಲ್ಲಿರುವ ದ್ರಾವಕ ಪರ್‌ಕ್ಲೋರೋಎಥಿಲೀನ್. ಕಸುಬಿನವರು ಅದನ್ನು ಪರ್ಕ್ ಎನ್ನುತ್ತಾರೆ. ಅದರ ಜೊತೆಗೆ ಈ ಕೆಲಸಕ್ಕೆಂದೇ ತಯಾರಾದ ಡಿಟರ್ಜೆಂಟ್ ಸ್ವಲ್ಪ ಬೆರೆಯುತ್ತದೆ. ಸುಮಾರು ಎಂಟರಿಂದ ಹದಿನೈದು ನಿಮಿಷ ಬಟ್ಟೆ ಅದರಲ್ಲಿ ಉರುಳುತ್ತದೆ. ಅಷ್ಟು ಹೊತ್ತೂ ದ್ರಾವಕ ಶೋಧಕದ ಮೂಲಕ ಹರಿದು, ಕೊಳೆಯನ್ನು ಅಲ್ಲಿ ಬಿಟ್ಟು, ಮತ್ತೆ ಬಟ್ಟೆಗೆ ಬರುತ್ತಿರುತ್ತದೆ. ಬಳಿಕ ಯಂತ್ರ ಜೋರಾಗಿ ತಿರುಗಿ ದ್ರಾವಕವನ್ನು ಹೊರಹಾಕುತ್ತದೆ. ಆಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಬಿಸಿ ಗಾಳಿ ಹಾಯಿಸುತ್ತಾರೆ. ಬಟ್ಟೆಯಲ್ಲಿ ಉಳಿದ ದ್ರಾವಕ ಆವಿಯಾಗಿ ತಣ್ಣನೆಯ ಕೊಳವೆಗಳ ಮೇಲೆ ಮತ್ತೆ ದ್ರವವಾಗಿ ತೊಟ್ಟಿಗೆ ಇಳಿಯುತ್ತದೆ. ಕೊಳೆಯಾದ ದ್ರಾವಕವನ್ನು ಎಸೆಯುವುದಿಲ್ಲ. ಪರ್ಕ್ 121 ಡಿಗ್ರಿಯಲ್ಲಿ ಕುದಿಯುವುದರಿಂದ ಅದನ್ನು ಕಾಯಿಸಿ ಬಟ್ಟಿ ಇಳಿಸಿದರೆ ಎಣ್ಣೆ, ಜಿಡ್ಡು, ಬಣ್ಣದ ಕೆಸರು ತಳದಲ್ಲಿ ಉಳಿದು ಶುದ್ಧ ದ್ರವ ಮರಳಿ ಸಿಗುತ್ತದೆ. ಈ ಬಟ್ಟಿ ಇಳಿಸುವ ಕೆಲಸದಲ್ಲಿ ಅಂಗಡಿ ಸೋಮಾರಿಯಾದರೆ ಅದರ ಫಲ ನಿಮ್ಮ ಬಿಳಿ ಬಟ್ಟೆಯ ಮೇಲೆ ಕಾಣುತ್ತದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೊನೆಯ ಹಂತ ಹಬೆಯ ಇಸ್ತ್ರಿ. ಅಂಗಡಿಯಿಂದ ಬಂದ ಕೋಟು ಹೊಸದರಂತೆ ಕಾಣುವುದಕ್ಕೆ ಶುಚಿಗಿಂತ ಈ ಇಸ್ತ್ರಿಯೇ ಹೆಚ್ಚು ಕಾರಣ.

ಎಲ್ಲ ಅಂಗಡಿಗಳೂ ಪರ್ಕ್ ಬಳಸುವುದಿಲ್ಲ. ಪೆಟ್ರೋಲಿಯಂ ಮೂಲದ ಹೈಡ್ರೋಕಾರ್ಬನ್ ದ್ರಾವಕಗಳು, ಸಿಲಿಕೋನ್ ದ್ರಾವಕಗಳು, ಒತ್ತಡದಲ್ಲಿ ದ್ರವವಾಗಿಸಿದ ಇಂಗಾಲದ ಡೈಆಕ್ಸೈಡ್ ಕೂಡ ಬಳಕೆಯಲ್ಲಿವೆ. ಪರ್ಕ್‌ನಿಂದ ದೂರ ಸರಿಯುತ್ತಿರುವುದಕ್ಕೆ ಗಂಭೀರ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿನಲ್ಲಿ ಇರಿಸಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ, ಡ್ರೈ ಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು 10 ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ನಿಲ್ಲಿಸುವ ನಿಯಮ ಹೊರಡಿಸಿತು. ಅಪಾಯ ಹೆಚ್ಚಾಗಿ ತಟ್ಟುವುದು ದಿನವಿಡೀ ಆ ಆವಿಯ ನಡುವೆ ದುಡಿಯುವ ಕೆಲಸಗಾರರಿಗೆ. ಅಗತ್ಯವಿಲ್ಲದ ಬಟ್ಟೆಯನ್ನು ಡ್ರೈ ಕ್ಲೀನಿಂಗ್‌ಗೆ ಕೊಡಬಾರದು ಎಂದು ನಾನು ಹೇಳುವುದಕ್ಕೆ ಖರ್ಚಿಗಿಂತ ಇದೇ ದೊಡ್ಡ ಕಾರಣ.

ನೀರು ತೆಗೆಯುವ ಕೊಳೆ, ದ್ರಾವಕ ತೆಗೆಯುವ ಕೊಳೆ

ಹತ್ತಿ, ರೇಷ್ಮೆ, ಉಣ್ಣೆ, ರೇಯಾನ್ ಎಂದೂ ಕರೆಯುವ ವಿಸ್ಕೋಸ್ ಇವುಗಳ ಎಳೆಗಳು ನೀರು ಕುಡಿಯುತ್ತವೆ. ಕುಡಿದ ಎಳೆ ಊದಿಕೊಳ್ಳುತ್ತದೆ, ಅದರೊಡನೆ ನೂಲು ದಪ್ಪವಾಗುತ್ತದೆ, ನೇಯ್ಗೆ ಬಿಗಿಯುತ್ತದೆ. ನೇಯುವಾಗ ಎಳೆದು ಹಿಡಿದಿದ್ದ ನೂಲು ನೀರಿನಲ್ಲಿ ಸಡಿಲಗೊಂಡು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಬಟ್ಟೆ ಕುಗ್ಗಿತು ಎನ್ನುವಾಗ ಬಹುಮಟ್ಟಿಗೆ ನಡೆದಿರುವುದು ಇದೇ. ದ್ರಾವಕ ಎಳೆಯ ಒಳಗೆ ಇಳಿಯುವುದಿಲ್ಲ, ಎಳೆಯನ್ನು ಊದಿಸುವುದಿಲ್ಲ. ಅದಕ್ಕಾಗಿಯೇ ದ್ರಾವಕದಲ್ಲಿ ಬಟ್ಟೆಯ ಅಳತೆ, ಮಡಿಕೆ, ಆಕಾರ ಉಳಿಯುತ್ತವೆ. ಡ್ರೈ ಕ್ಲೀನಿಂಗ್‌ನ ಲಾಭವೆಲ್ಲ ಇಷ್ಟರಲ್ಲೇ ಇದೆ.

ಅದರ ಮಿತಿಯೂ ಇಲ್ಲಿಂದಲೇ ಬರುತ್ತದೆ. ದ್ರಾವಕ ಕರಗಿಸುವುದು ಜಿಡ್ಡನ್ನು: ಚರ್ಮದ ಎಣ್ಣೆ, ಅಡುಗೆ ಎಣ್ಣೆ, ಮೇಣ, ಲಿಪ್‌ಸ್ಟಿಕ್, ಗ್ರೀಸ್. ಬೆವರಿನ ಉಪ್ಪು, ಸಕ್ಕರೆ, ಹಣ್ಣಿನ ರಸ, ಹಾಲು ಇವೆಲ್ಲ ನೀರಿನಲ್ಲಿ ಹೋಗುವ ಕೊಳೆ. ದ್ರಾವಕದ ಮಟ್ಟಿಗೆ ಅವು ಇದ್ದಲ್ಲೇ ಇರುತ್ತವೆ. ಕಲೆಯ ಮೇಜಿನಲ್ಲಿ ಯಾರೂ ಅವನ್ನು ಗಮನಿಸದಿದ್ದರೆ ಅವು ಬಟ್ಟೆಯೊಡನೆ ನಿಮ್ಮ ಮನೆಗೇ ವಾಪಸು ಬರುತ್ತವೆ. ಸಿಹಿ ಪಾನೀಯ ಚೆಲ್ಲಿದ ಜಾಗ ಒಣಗಿದಾಗ ಕಣ್ಣಿಗೆ ಕಾಣದಿರಬಹುದು. ಇಸ್ತ್ರಿಯ ಶಾಖ ತಾಗಿದಾಗ ಅಥವಾ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಟ್ಟಾಗ ಆ ಸಕ್ಕರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯವರೇ ಕಲೆ ಮಾಡಿದರು ಎಂದು ಜನ ಜಗಳವಾಡುವುದು ಹೆಚ್ಚಾಗಿ ಇಂಥ ಕಲೆಗಳ ಮೇಲೆ. ಕಂಕುಳಿನ ಹಳದಿ ಗುರುತೂ ಹಾಗೆಯೇ. ಒಗೆಯಬಹುದಾದ ಅಂಗಿಯನ್ನು ವರ್ಷಗಟ್ಟಲೆ ದ್ರಾವಕದಲ್ಲೇ ಶುಚಿ ಮಾಡಿಸಿದರೆ ಬೆವರು ಅದರಲ್ಲಿ ಸೇರುತ್ತಲೇ ಹೋಗುತ್ತದೆ.

ಹಾಗಾಗಿ ಒಂದು ಬಟ್ಟೆಯನ್ನು ಕೈಗೆತ್ತಿಕೊಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನೀರು ಇದಕ್ಕೆ ಏನು ಮಾಡುತ್ತದೆ? ಇದರಲ್ಲಿರುವ ಕೊಳೆ ಜಿಡ್ಡಿನದೋ ನೀರಿನದೋ?

ನಿಜವಾಗಿ ಡ್ರೈ ಕ್ಲೀನಿಂಗ್ ಬೇಕಾದವು

ಮೊದಲ ಸ್ಥಾನ ಒಳಗೆ ಕಟ್ಟಡವಿರುವ ಉಡುಪಿಗೆ. ಅಳತೆಗೆ ಹೊಲಿದ ಕೋಟನ್ನೇ ತೆಗೆದುಕೊಳ್ಳಿ. ಹೊರಗೆ ಉಣ್ಣೆ, ಒಳಗೆ ವಿಸ್ಕೋಸ್ ಅಥವಾ ಪಾಲಿಯೆಸ್ಟರ್ ಅಸ್ತರು, ನಡುವೆ ಎದೆಯ ಭಾಗಕ್ಕೆ ಗಡಸು ಬಟ್ಟೆ, ಹೆಗಲಿಗೆ ಮೆತ್ತೆ, ಅಲ್ಲಲ್ಲಿ ಶಾಖದಿಂದ ಅಂಟಿಸಿದ ಪದರ. ಪ್ರತಿಯೊಂದೂ ನೀರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ. ಅಸ್ತರು ಎರಡು ಸೆಂಟಿಮೀಟರ್ ಕುಗ್ಗಿ ಹೊರಬಟ್ಟೆ ಕುಗ್ಗದಿದ್ದರೆ ಕೆಳ ಅಂಚು ಒಳಕ್ಕೆ ಎಳೆದುಕೊಂಡು ಸುಕ್ಕಾಗುತ್ತದೆ. ಅಂಟು ಬಿಟ್ಟರೆ ಎದೆಯ ಮೇಲೆ ಗುಳ್ಳೆಗಳು ಏಳುತ್ತವೆ. ಇವೆರಡನ್ನೂ ಯಾವ ಇಸ್ತ್ರಿಯೂ ಸರಿಪಡಿಸಲಾರದು. ಇಲ್ಲಿ ಗಮನಿಸಬೇಕಾದದ್ದು, ಉಣ್ಣೆ ಎಂಬ ಕಾರಣಕ್ಕೆ ಕೋಟನ್ನು ಒಗೆಯಬಾರದು ಎಂದಲ್ಲ. ಅದೇ ಉಣ್ಣೆಯಿಂದ ಹೆಣೆದ ಸ್ವೆಟರನ್ನು ಧಾರಾಳವಾಗಿ ಕೈಯಲ್ಲಿ ಒಗೆಯಬಹುದು. ಕೋಟಿಗೆ ನೀರು ಬೇಡವಾದದ್ದು ಅದರ ಹೊಲಿಗೆಯ ರಚನೆಯಿಂದ.

ಎರಡನೆಯದು, ನೂಲಿಗೆ ವಿಪರೀತ ಹುರಿ ಕೊಟ್ಟು ನೇಯ್ದ ಕ್ರೇಪ್ ಬಟ್ಟೆಗಳು, ಅದರಲ್ಲೂ ರೇಷ್ಮೆ ಮತ್ತು ವಿಸ್ಕೋಸ್‌ನವು. ನೀರು ತಾಗಿದೊಡನೆ ಆ ಹುರಿ ಬಿಗಿದುಕೊಂಡು ಬಟ್ಟೆ ಮುದುಡುತ್ತದೆ. ಮೂರನೆಯದು ರೇಷ್ಮೆ ಅಥವಾ ವಿಸ್ಕೋಸ್‌ನ ಮಖಮಲ್: ನಿಂತ ರೋಮ ನೀರಿನಲ್ಲಿ ಮಲಗಿದರೆ ಮತ್ತೆ ಏಳುವುದಿಲ್ಲ. ಅಸಿಟೇಟ್ ಎಂಬ, ರೇಷ್ಮೆಯಂತೆ ಹೊಳೆಯುವ ಕೃತಕ ಬಟ್ಟೆ ಒದ್ದೆಯಾದಾಗ ದುರ್ಬಲವಾಗಿ, ಬಿದ್ದ ಮಡಿಕೆ ಹಾಗೆಯೇ ಉಳಿಯುತ್ತದೆ. ಅಸ್ತರಿನ ರೂಪದಲ್ಲಿ ಅದು ಅನೇಕ ಉಡುಪುಗಳಲ್ಲಿ ಅಡಗಿರುತ್ತದೆ. ಇವುಗಳ ಜೊತೆಗೆ, ನೀರಿಗೆ ಬಣ್ಣ ಬಿಡುವ ಎರಡು ಮೂರು ಗಾಢ ಬಣ್ಣಗಳು ಒಂದೇ ಬಟ್ಟೆಯಲ್ಲಿದ್ದರೆ ಅದೂ ಈ ಗುಂಪಿಗೇ ಸೇರುತ್ತದೆ, ಎಳೆ ಯಾವುದೇ ಇರಲಿ. ಲೋಹದ ಎಳೆಯ ಕಸೂತಿಯೂ ಹಾಗೆಯೇ. ತೇವದಿಂದ ಅದು ಕಪ್ಪಾಗುತ್ತದೆ.

ಹತ್ತಿ, ಲಿನನ್, ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಸಾದಾ ಹೊಲಿಗೆಯಲ್ಲಿದ್ದರೆ ಮನೆಯಲ್ಲೇ ಒಗೆಯಿರಿ. ಹತ್ತಿಯಂತೂ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ.

ನಡುವೆ ಉಳಿಯುವವು ಮೂರು: ಅಸ್ತರಿಲ್ಲದ ರೇಷ್ಮೆ, ಹೆಣೆದ ಉಣ್ಣೆ, ವಿಸ್ಕೋಸ್. ಜನ ಗೊಂದಲಕ್ಕೆ ಬೀಳುವುದು ಇವುಗಳ ವಿಷಯದಲ್ಲೇ. ಚರ್ಮದ ಉಡುಪು ಮಾತ್ರ ಇವ್ಯಾವುದಕ್ಕೂ ಸೇರದು. ಅದಕ್ಕೆ ನೀರೂ ಬೇಡ, ಮಾಮೂಲಿ ಡ್ರೈ ಕ್ಲೀನಿಂಗೂ ಬೇಡ; ಅದನ್ನು ಬಲ್ಲ ಪರಿಣತರೇ ಬೇಕು.

ದ್ರಾವಕವೆಂದರೆ ಎಲ್ಲಕ್ಕೂ ಸುರಕ್ಷಿತ ಎಂಬ ಭಾವನೆಯೂ ತಪ್ಪು. ಕೆಲವು ಪ್ಲಾಸ್ಟಿಕ್ ಗುಂಡಿ ಮತ್ತು ಮಣಿಗಳು ಪರ್ಕ್‌ನಲ್ಲಿ ಮೆತ್ತಗಾಗಿ ಕರಗುತ್ತವೆ. ಪಿವಿಸಿ ಲೇಪನವಿರುವ ಬಟ್ಟೆ ಒಳಗಿನ ಮೃದುಕಾರಕವನ್ನು ಕಳೆದುಕೊಂಡು ಹಲಗೆಯಂತೆ ಗಡಸಾಗುತ್ತದೆ. ಅಂಟಿನಿಂದ ಕೂರಿಸಿದ ಚಮಕಿ ಉದುರುತ್ತದೆ.

ಚೀಟಿಯನ್ನು ಓದುವುದು

ಉಡುಪಿನ ಒಳಗೆ ಹೊಲಿದ ಚೀಟಿಯಲ್ಲಿ ವೃತ್ತದ ಗುರುತಿದ್ದರೆ ಅದು ಅಂಗಡಿಯವರಿಗೆ ಹೇಳಿದ ಮಾತು. ವೃತ್ತದೊಳಗೆ 'ಪಿ' ಇದ್ದರೆ ಪರ್ಕ್ ಸಹಿತ ಸಾಮಾನ್ಯ ದ್ರಾವಕಗಳು ನಡೆಯುತ್ತವೆ. 'ಎಫ್' ಇದ್ದರೆ ಹೈಡ್ರೋಕಾರ್ಬನ್‌ನಂಥ ಸೌಮ್ಯ ದ್ರಾವಕ ಮಾತ್ರ. 'ಡಬ್ಲ್ಯು' ಇದ್ದರೆ ವೃತ್ತಿಪರರು ನಿಯಂತ್ರಿತ ಯಂತ್ರದಲ್ಲಿ ನೀರಿನಿಂದಲೇ ಶುಚಿ ಮಾಡಬಹುದು. ವೃತ್ತದ ಕೆಳಗೆ ಗೆರೆಯಿದ್ದರೆ ಮೃದುವಾಗಿ ಎಂದರ್ಥ. ವೃತ್ತದ ಮೇಲೆ ಅಡ್ಡಗೀಟು ಇದ್ದರೆ ಡ್ರೈ ಕ್ಲೀನಿಂಗ್ ಕೂಡದು. ಮನೆಯವರು ನೋಡಬೇಕಾದದ್ದು ನೀರಿನ ತೊಟ್ಟಿಯ ಚಿತ್ರವನ್ನು. ತೊಟ್ಟಿಯೊಳಗೆ ಕೈ ಇದ್ದರೆ ಕೈಯಲ್ಲಿ ಒಗೆಯಬಹುದು. ತೊಟ್ಟಿಯ ಮೇಲೆ ಅಡ್ಡಗೀಟು ಇದ್ದರೆ ಒಗೆಯಬಾರದು, ಆ ಮಾತನ್ನು ಮೀರಬೇಡಿ.

ಗೊಂದಲವಾಗುವುದು ಚೀಟಿಯಲ್ಲಿ ಡ್ರೈ ಕ್ಲೀನ್ ಎಂದಷ್ಟೇ ಬರೆದು, ಒಗೆಯಬೇಡಿ ಎಂದು ಹೇಳದಿದ್ದಾಗ. ಅಮೆರಿಕದ ಚೀಟಿ ನಿಯಮದ ಪ್ರಕಾರ ತಯಾರಕರು ಒಂದು ಸುರಕ್ಷಿತ ವಿಧಾನವನ್ನು ತಿಳಿಸಿದರೆ ಸಾಕು. ಬೇರೆ ವಿಧಾನಗಳು ಸುರಕ್ಷಿತವೇ ಎಂದು ಹೇಳುವ ಹೊಣೆ ಅವರಿಗಿಲ್ಲ. ಡ್ರೈ ಕ್ಲೀನ್ ಎಂಬ ಬರಹವೂ ಡ್ರೈ ಕ್ಲೀನ್ ಮಾತ್ರ ಎಂಬ ಬರಹವೂ ಒಂದೇ ಅಲ್ಲ. ಮೊದಲನೆಯದು ಒಂದು ದಾರಿಯನ್ನು ತೋರಿಸುತ್ತದೆ, ಎರಡನೆಯದು ನೀರಿನ ದಾರಿಯನ್ನು ಮುಚ್ಚುತ್ತದೆ. ಮುಂದೆ ಹೇಳುವ ಪರೀಕ್ಷೆಗಳು ಮೊದಲ ಬಗೆಯ ಚೀಟಿಗೆ ಮತ್ತು ಚೀಟಿಯೇ ಇಲ್ಲದ ಬಟ್ಟೆಗೆ.

ಒಂದು ರೇಷ್ಮೆ ಅಂಗಿ: ಪರೀಕ್ಷೆಯಿಂದ ಇಸ್ತ್ರಿಯವರೆಗೆ

ಒಂದು ಅಂಗಿಯನ್ನು ಮುಂದಿಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಗಾಢ ಮೆರೂನ್ ಬಣ್ಣದ ರೇಷ್ಮೆ ಅಂಗಿ, ಅಸ್ತರಿಲ್ಲ, ಪೂರ್ತಿ ಒಂದೇ ಬಣ್ಣ. ಚೀಟಿಯಲ್ಲಿ ವೃತ್ತ ಮತ್ತು 'ಪಿ'. ತೊಟ್ಟಿಯ ಚಿತ್ರವೇ ಇಲ್ಲ. ಕೊರಳಪಟ್ಟಿಯ ಒಳಗೆ ಜಿಡ್ಡಿನ ಗೆರೆ, ಕಂಕುಳಲ್ಲಿ ಬೆವರು. ಕೊಳೆಯ ಬಹುಪಾಲು ನೀರಿನದು, ಆದ್ದರಿಂದ ಒಗೆಯಲು ಸಾಧ್ಯವಾದರೆ ಒಗೆಯುವುದೇ ಒಳ್ಳೆಯದು.

ಮೊದಲು ಅಳತೆ. ಅಂಗಿಯನ್ನು ಮೇಜಿನ ಮೇಲೆ ಎಳೆಯದೆ ಹರಡಿ ಹಿಂಭಾಗದ ಉದ್ದ ಮತ್ತು ಎದೆಯ ಅಗಲವನ್ನು ಬರೆದಿಟ್ಟುಕೊಳ್ಳಿ. ಉದ್ದ 74 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಇದನ್ನು ಬರೆದಿಡದಿದ್ದರೆ ಮುಂದೆ ಕುಗ್ಗಿತೋ ಇಲ್ಲವೋ ಎಂಬುದು ಬರೀ ಅನುಮಾನವಾಗಿ ಉಳಿಯುತ್ತದೆ.

ಎರಡನೆಯದು ಬಣ್ಣದ ಪರೀಕ್ಷೆ. ಕೆಳ ಅಂಚಿನ ಒಳಮಡಿಕೆಯಂಥ ಕಾಣದ ಜಾಗ ಆರಿಸಿಕೊಳ್ಳಿ. ಬಿಳಿ ಹತ್ತಿ ಬಟ್ಟೆಯ ತುಂಡನ್ನು, ಒಗೆಯಲು ಬಳಸಲಿರುವ ಡಿಟರ್ಜೆಂಟ್ ಬೆರೆಸಿದ ನೀರಿನಲ್ಲಿ ಅದ್ದಿ, ಆ ಜಾಗದ ಮೇಲೆ ಎರಡು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ನಮ್ಮ ಅಂಗಿ ತೆಳು ಗುಲಾಬಿ ಗುರುತು ಬಿಟ್ಟಿತು ಎನ್ನೋಣ. ಇಲ್ಲಿ ಹೆದರಿ ನಿಲ್ಲಿಸುವ ಅಗತ್ಯವಿಲ್ಲ. ಆ ಜಾಗವನ್ನು ಬರೀ ನೀರಿನಲ್ಲಿ ತೊಳೆದು ಹೊಸ ಬಿಳಿ ತುಂಡಿನಿಂದ ಮತ್ತೆ ಒತ್ತಿ. ಈ ಸಲ ಗುರುತು ಬಾರದಿದ್ದರೆ ಮೊದಲು ಬಂದದ್ದು ಎಳೆಗೆ ಹಿಡಿಯದೆ ಮೇಲೆ ಉಳಿದಿದ್ದ ಬಣ್ಣ. ಅಂಗಿಯನ್ನು ಒಂಟಿಯಾಗಿ, ಬೇಗನೆ ಒಗೆದರೆ ತೊಂದರೆಯಿಲ್ಲ. ಮತ್ತೆ ಅಷ್ಟೇ ಗಾಢವಾಗಿ ಬಂದರೆ ಒಗೆಯುವ ಯೋಚನೆ ಬಿಡಿ. ಇದೇ ಅಂಗಿಗೆ ಬಿಳಿ ಕೊರಳಪಟ್ಟಿ ಇದ್ದಿದ್ದರೆ ಮೊದಲ ಗುಲಾಬಿ ಗುರುತೇ ಸಾಕಿತ್ತು, ಅಂಗಡಿಗೆ ಕೊಡಬೇಕಿತ್ತು.

ಮೂರನೆಯದು ನೀರಿನ ಹನಿಯ ಪರೀಕ್ಷೆ. ಅದೇ ಒಳಮಡಿಕೆಯ ಇನ್ನೊಂದು ಕಡೆ ಒಂದು ಹನಿ ನೀರು ಬಿಟ್ಟು ಪೂರ್ತಿ ಒಣಗಲು ಬಿಡಿ. ಆ ಜಾಗ ಮುದುಡಿಕೊಂಡರೆ ಅದು ಕ್ರೇಪ್‌ನ ಲಕ್ಷಣ, ಒಗೆಯಬೇಡಿ. ಬಟ್ಟೆ ಸಪಾಟಾಗಿಯೇ ಇದ್ದು ಬರೀ ಒಂದು ಉಂಗುರದ ಗುರುತು ಉಳಿದರೆ ಅದು ಬೇರೆ ಸಂಗತಿ. ಬಟ್ಟೆಯ ಮೇಲಿನ ಲೇಪನ ಅಥವಾ ಅಂಟು ನೀರಿನೊಡನೆ ಸರಿದು ಅಂಚಿನಲ್ಲಿ ಸೇರಿದೆ. ಇಂಥ ರೇಷ್ಮೆಯಲ್ಲಿ ಕಲೆಯಿರುವ ಜಾಗವನ್ನಷ್ಟೇ ಒದ್ದೆ ಮಾಡಿ ಒರೆಸುವುದು ಅತ್ಯಂತ ಹಾನಿಕರ. ಇಡೀ ಅಂಗಿ ಒಂದೇ ಸಮನಾಗಿ ತೋಯಬೇಕು, ಒಂದೇ ಸಮನಾಗಿ ಒಣಗಬೇಕು. ರೇಷ್ಮೆಗೆ ಪೂರ್ತಿ ಮುಳುಗುವುದಕ್ಕಿಂತ ಅರೆಬರೆ ಒದ್ದೆಯಾಗುವುದೇ ದೊಡ್ಡ ಶತ್ರು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಮೂರೂ ಪರೀಕ್ಷೆ ದಾಟಿದ ಮೇಲೆ ಬಕೆಟ್ಟಿಗೆ ಎಂಟು ಹತ್ತು ಲೀಟರ್ ತಣ್ಣೀರು ತೆಗೆದುಕೊಳ್ಳಿ. ಕೈಗೆ ಬಿಸಿ ಎನಿಸಬಾರದು, 30 ಡಿಗ್ರಿ ಮೀರಬಾರದು. ರೇಷ್ಮೆ ಮತ್ತು ಉಣ್ಣೆಗೆಂದು ಬರೆದಿರುವ ದ್ರವ ಡಿಟರ್ಜೆಂಟ್ ಒಂದು ಚಹಾ ಚಮಚ ಸಾಕು. ಅದನ್ನು ಮೊದಲೇ ನೀರಿನಲ್ಲಿ ಚೆನ್ನಾಗಿ ಕಲಕಿ. ದಿನಬಳಕೆಯ ಪುಡಿಯನ್ನು ಇಲ್ಲಿ ಬಳಸಬಾರದು, ಅದಕ್ಕೆ ಎರಡು ಕಾರಣಗಳಿವೆ. ರೇಷ್ಮೆಯೂ ಉಣ್ಣೆಯೂ ಪ್ರೋಟೀನಿನ ಎಳೆಗಳು. ಪುಡಿಯ ಕ್ಷಾರ ಅವನ್ನು ಒರಟು ಮಾಡುತ್ತದೆ. ರಕ್ತ, ಹಾಲಿನ ಕಲೆ ತೆಗೆಯಲೆಂದು ಹಲವು ಪುಡಿಗಳಲ್ಲಿ ಸೇರಿಸಿರುವ ಕಿಣ್ವ ಪ್ರೋಟೀನನ್ನೇ ಕತ್ತರಿಸುವಂಥದ್ದು. ಅದು ಕಲೆಗೂ ಅಂಗಿಗೂ ಭೇದ ಮಾಡುವುದಿಲ್ಲ. ಕ್ಲೋರಿನ್ ಬ್ಲೀಚ್ ಅಂತೂ ರೇಷ್ಮೆಯನ್ನು ಕರಗಿಸಿಯೇಬಿಡುತ್ತದೆ.

ಅಂಗಿಯನ್ನು ಒಳಮೈ ಹೊರಗೆ ಮಾಡಿ ಒಮ್ಮೆಗೇ ಪೂರ್ತಿ ಮುಳುಗಿಸಿ. ಕೊರಳಪಟ್ಟಿಯ ಜಿಡ್ಡಿನ ಗೆರೆಗೆ ಅದೇ ನೀರಿನಲ್ಲಿ ಇನ್ನೊಂದೆರಡು ತೊಟ್ಟು ಡಿಟರ್ಜೆಂಟ್ ಬೆರೆಸಿ ಹಚ್ಚಿ, ಬೆರಳ ತುದಿಯಿಂದ ತಟ್ಟಿ. ಅಂಗೈಯಿಂದ ಅಂಗಿಯನ್ನು ಮೆಲ್ಲನೆ ಒತ್ತುತ್ತಾ ಬಿಡುತ್ತಾ ಎರಡು ಮೂರು ನಿಮಿಷ ಆಡಿಸಿ. ನೀರು ಗುಲಾಬಿಯಾಗುತ್ತದೆ, ಅದು ನಿರೀಕ್ಷಿತವೇ. ಆದರೆ ನೆನೆಯಲು ಬಿಟ್ಟು ಹೋಗಬೇಡಿ. ಒದ್ದೆ ರೇಷ್ಮೆಯನ್ನು ಉಜ್ಜಿದರೆ ಎಳೆಯ ಮೇಲ್ಮೈ ಸೀಳಿ ಸಣ್ಣ ಸಣ್ಣ ನವಿರು ಏಳುತ್ತದೆ. ಒಣಗಿದ ಮೇಲೆ ಅದು ಬಿಳಿಚಿದ, ಪುಡಿ ಮೆತ್ತಿದಂಥ ಪಟ್ಟೆಯಾಗಿ ಕಾಣುತ್ತದೆ. ಬಣ್ಣ ಹೋಯಿತು ಎಂದು ಜನ ತಿಳಿಯುತ್ತಾರೆ, ಹೋಗಿರುವುದು ಎಳೆಯ ನಯ. ಅದಕ್ಕೆ ಮದ್ದಿಲ್ಲ.

ಅದೇ ತಂಪಿನ ನೀರಿನಲ್ಲಿ ನೊರೆ ಹೋಗುವವರೆಗೆ ಎರಡು ಮೂರು ಸಲ ಜಾಲಾಡಿಸಿ. ಕೊನೆಯ ನೀರಿಗೆ ಒಂದು ಊಟದ ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಕ್ಷಾರ ಇಳಿದು ಹೊಳಪು ಚೆನ್ನಾಗಿ ಬರುತ್ತದೆ; ಹಾಕದಿದ್ದರೂ ನಷ್ಟವಿಲ್ಲ. ಹಿಂಡಬೇಡಿ. ದಪ್ಪ ಟವೆಲಿನ ಮೇಲೆ ಹರಡಿ, ಟವೆಲಿನ ಸಮೇತ ಸುರುಳಿ ಸುತ್ತಿ ಒತ್ತಿದರೆ ನೀರಿನ ಬಹುಪಾಲು ಹೊರಟುಹೋಗುತ್ತದೆ. ಟವೆಲು ಹಳೆಯದಿರಲಿ, ಬಣ್ಣ ತಾಗೀತು. ಅಗಲ ತೋಳಿನ ಹ್ಯಾಂಗರಿಗೆ ಹಾಕಿ ನೆರಳಿನಲ್ಲಿ ಒಣಗಿಸಿ. ಬಿಸಿಲು ರೇಷ್ಮೆಯನ್ನು ಹಳದಿಗೊಳಿಸುತ್ತದೆ, ಎಳೆಯನ್ನು ದುರ್ಬಲವಾಗಿಸುತ್ತದೆ.

ಇನ್ನೂ ಸ್ವಲ್ಪ ತೇವವಿರುವಾಗಲೇ ಒಳಮೈಯಿಂದ, ಇಸ್ತ್ರಿಪೆಟ್ಟಿಗೆಯಲ್ಲಿ ರೇಷ್ಮೆಯ ಗುರುತಿರುವ ಶಾಖದಲ್ಲಿ ಇಸ್ತ್ರಿ ಮಾಡಿ. ಪೂರ್ತಿ ಒಣಗಿದ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಹನಿ ಬಿದ್ದ ಕಡೆಯೆಲ್ಲ ಮತ್ತೆ ಉಂಗುರಗಳು ಮೂಡಬಹುದು.

ಈಗ ಮತ್ತೆ ಅಳೆಯಿರಿ. 74 ಇದ್ದದ್ದು ಮುಕ್ಕಾಲು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಅದು ಶೇಕಡಾ ಒಂದರಷ್ಟು, ಉಟ್ಟಾಗ ತಿಳಿಯುವುದಿಲ್ಲ. ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಕುಗ್ಗಿದ್ದರೆ ಆ ಅಂಗಿಯನ್ನು ಮುಂದೆ ಅಂಗಡಿಗೇ ಕೊಡಿ. ಬಟ್ಟೆ ಬಿರುಸಾಗಿದ್ದರೆ ಗಾಬರಿ ಬೇಡ. ಹೆಚ್ಚಾಗಿ ಡಿಟರ್ಜೆಂಟ್ ಉಳಿದಿರುತ್ತದೆ, ಇನ್ನೊಮ್ಮೆ ಜಾಲಾಡಿಸಿದರೆ ಸರಿಹೋಗುತ್ತದೆ.

ಉಣ್ಣೆ ಮತ್ತು ವಿಸ್ಕೋಸ್

ಉಣ್ಣೆಯ ಎಳೆಯ ಮೈಮೇಲೆ ಹೆಂಚು ಹೊದೆಸಿದ ಮಾಡಿನಂತೆ ಒಂದರ ಮೇಲೊಂದು ಸಣ್ಣ ಹುರುಪೆಗಳಿವೆ. ನೀರು, ಶಾಖ, ಕ್ಷಾರಗಳಿಂದ ಅವು ತೆರೆದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಅಲುಗಾಡಿಸಿದರೆ ಒಂದು ಎಳೆಯ ಹುರುಪೆ ಇನ್ನೊಂದರೊಳಗೆ ಸಿಕ್ಕಿಕೊಂಡು ಹಿಂದಕ್ಕೆ ಬರಲಾರದೆ ಬಟ್ಟೆ ಜಡೆಗಟ್ಟುತ್ತದೆ. ಸ್ವೆಟರ್ ಮಗುವಿನ ಅಳತೆಗೆ ಇಳಿಯುವುದು ಹೀಗೆ. ಇದಕ್ಕೆ ಮುಖ್ಯ ಕಾರಣ ಅಲುಗಾಟ, ಬರೀ ನೀರಲ್ಲ. ಆದ್ದರಿಂದ ಸ್ವೆಟರನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಸುಮ್ಮನೆ ನೆನೆಯಲು ಬಿಟ್ಟು, ಮೂರು ನಾಲ್ಕು ಸಲ ಒತ್ತಿ ತೆಗೆದರೆ ಸಾಕು. ಜಾಲಾಡಿಸುವ ನೀರೂ ಅದೇ ತಂಪಿನದಾಗಿರಲಿ. ಬಿಸಿಯಿಂದ ತಣ್ಣಗೆ ಹಠಾತ್ತನೆ ಬದಲಿಸಬೇಡಿ. ಒಗೆಯುವ ಮೊದಲು ಸ್ವೆಟರನ್ನು ದೊಡ್ಡ ಕಾಗದದ ಮೇಲೆ ಹರಡಿ ಸುತ್ತ ಗೆರೆ ಎಳೆದಿಟ್ಟುಕೊಂಡರೆ, ಒಗೆದ ಮೇಲೆ ಒದ್ದೆ ಸ್ವೆಟರನ್ನು ಆ ಗೆರೆಗೆ ಸರಿಯಾಗಿ ಹೊಂದಿಸಿ ಚಪ್ಪಟೆಯಾಗಿ ಒಣಗಿಸಬಹುದು. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ. ಕಾಶ್ಮೀರಿ ಉಣ್ಣೆಗೂ ಇದೇ ವಿಧಾನ. ಅದಕ್ಕೆ ಪದೇ ಪದೇ ದ್ರಾವಕಕ್ಕಿಂತ ಇದೇ ಹಿತ ಎಂಬುದು ನನ್ನ ಅಭಿಪ್ರಾಯ.

ವಿಸ್ಕೋಸ್‌ನ ತೊಂದರೆ ಬೇರೆ. ಒದ್ದೆಯಾದಾಗ ಅದು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ನೀರಿನಿಂದ ಎತ್ತುವಾಗ ಎರಡೂ ಕೈಯನ್ನು ಕೆಳಗೆ ಕೊಟ್ಟು ಇಡೀ ಬಟ್ಟೆಯನ್ನು ಆನಿಸಿ ಎತ್ತಿ. ಒಂದು ತುದಿ ಹಿಡಿದು ಎಳೆದರೆ ಹೊಲಿಗೆಯ ಬಳಿ ಬಿಟ್ಟುಕೊಳ್ಳುತ್ತದೆ. ಮೊದಲ ಒಗೆತದಲ್ಲಿ ಅದು ಕುಗ್ಗುವುದೂ ಹೆಚ್ಚು. ತೇವವಿದ್ದಾಗಲೇ ಇಸ್ತ್ರಿ ಮಾಡಿದರೆ ಸ್ವಲ್ಪ ಮಟ್ಟಿಗೆ ಹಿಗ್ಗುತ್ತದೆ, ಪೂರ್ತಿ ಅಲ್ಲ. ಮೈಗೆ ಬಿಗಿಯಾಗಿ ಹೊಲಿದ ವಿಸ್ಕೋಸ್ ಉಡುಪನ್ನು ಹಾಗಾಗಿ ನಾನು ಒಗೆಯಲು ಹೇಳುವುದಿಲ್ಲ, ಸಡಿಲವಾದದ್ದಾದರೆ ಅಡ್ಡಿಯಿಲ್ಲ.

ಅಂಗಡಿಗೆ ಕೊಡುವಾಗ, ತರುವಾಗ

ಕಲೆಯಾದ ಬಟ್ಟೆಯನ್ನು ಇಸ್ತ್ರಿ ಮಾಡಿ ಕೊಡಬೇಡಿ. ಶಾಖಕ್ಕೆ ಕಲೆ ಎಳೆಯಲ್ಲಿ ಕೂತುಬಿಡುತ್ತದೆ. ಏನು ಚೆಲ್ಲಿತು, ಎಷ್ಟು ದಿನವಾಯಿತು, ಮನೆಯಲ್ಲಿ ಏನಾದರೂ ಹಚ್ಚಿದ್ದೀರಾ ಎಂಬ ಮೂರು ಮಾತನ್ನು ತಪ್ಪದೆ ಹೇಳಿ. ಕಣ್ಣಿಗೆ ಕಾಣದ ಸಿಹಿ ಪಾನೀಯದ ಕಲೆಯನ್ನಂತೂ ಬೆರಳಿಟ್ಟು ತೋರಿಸಲೇಬೇಕು. ಸೆಟ್ ಆಗಿರುವ ಉಡುಪಿನ ಒಂದೇ ತುಂಡು ಕೊಳೆಯಾಗಿದ್ದರೂ ಕೋಟು ಮತ್ತು ಪ್ಯಾಂಟನ್ನು ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಕಾಲಕ್ರಮದಲ್ಲಿ ಎರಡರ ಬಣ್ಣ ಬೇರೆಯಾಗುತ್ತದೆ. ಕೋಟನ್ನು ಉಟ್ಟಾಗಲೆಲ್ಲ ಕೊಡಬೇಕಾಗಿಲ್ಲ. ಬ್ರಷ್ಷಿನಿಂದ ಧೂಳು ತೆಗೆದು ಒಂದು ರಾತ್ರಿ ಗಾಳಿಗೆ ನೇತುಹಾಕಿದರೆ ಹೆಚ್ಚಿನ ಸಲ ಅಷ್ಟೇ ಸಾಕು.

ಮನೆಯಲ್ಲೇ ಪೆಟ್ರೋಲಿನಿಂದ ಡ್ರೈ ಕ್ಲೀನಿಂಗ್ ಮಾಡುವ ಹಳೆಯ ಅಭ್ಯಾಸ ಕೆಲವರಲ್ಲಿ ಉಳಿದಿದೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಬಟ್ಟೆ ಉಜ್ಜುವಾಗ ಹುಟ್ಟುವ ಸ್ಥಿರವಿದ್ಯುತ್ತಿನ ಒಂದು ಕಿಡಿ ಸಾಕು, ಕೋಣೆಯಲ್ಲಿ ಸೇರಿದ ಆವಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ತಾಗಿದ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೋ ಡ್ರೈಯರಿಗೋ ಹಾಕುವುದೂ ಅಷ್ಟೇ ಅಪಾಯ.

ಬಟ್ಟೆ ಮರಳಿ ಬಂದಾಗ ಅಂಗಡಿಯಲ್ಲೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಬೂದಿ ಮಾಸಲಾಗಿ ಬಂದಿದ್ದರೆ ದ್ರಾವಕವನ್ನು ಸರಿಯಾಗಿ ಶೋಧಿಸಿ ಬಟ್ಟಿ ಇಳಿಸಿಲ್ಲ. ಬೇರೆಯವರ ಬಟ್ಟೆಯ ಕೊಳೆ ನಿಮ್ಮದರ ಮೇಲೆ ಕೂತಿದೆ. ಮೂಗಿಗೆ ಸಿಹಿ ಕಮಟು ಬೆರೆತ ರಾಸಾಯನಿಕದ ವಾಸನೆ ಬಡಿದರೆ ಒಣಗಿಸುವ ಹಂತವನ್ನು ಅವಸರದಲ್ಲಿ ಮುಗಿಸಿದ್ದಾರೆ, ದ್ರಾವಕ ಇನ್ನೂ ಬಟ್ಟೆಯಲ್ಲಿದೆ. ಅದನ್ನು ಮತ್ತೆ ಒಣಗಿಸಲು ವಾಪಸು ಕೊಡುವುದು ನಿಮ್ಮ ಹಕ್ಕು, ಸಂಕೋಚ ಬೇಡ. ವಾಸನೆಯಿಲ್ಲದಿದ್ದರೂ ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಚೀಲ ತೆಗೆದು, ಮಲಗುವ ಕೋಣೆಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಒಂದು ದಿನ ನೇತುಹಾಕಿ. ಆ ಚೀಲ ಸಾಗಾಟಕ್ಕೆ ಮಾತ್ರ. ಕಪಾಟಿನಲ್ಲಿಡುವಾಗ ಬಟ್ಟೆಯ ಮೇಲೆ ಹಳೆಯ ಹತ್ತಿಯ ಹೊದಿಕೆ ಹಾಕಿದರೆ ಧೂಳೂ ತಾಗುವುದಿಲ್ಲ, ತೇವವೂ ಒಳಗೆ ಸಿಕ್ಕಿಕೊಳ್ಳುವುದಿಲ್ಲ.